ನಾಲ್ಕನೆಯ ಏಟಿನಲ್ಲಿ ಎಡವಿದ ಕೋಲಾಟ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಪ್ರತಿಭಾ ಕಾರಂಜಿಯ ಕಾಲ ಬಂತೆಂದರೆ ಆರು, ಏಳು, ಎಂಟನೆಯ ತರಗತಿಗಳಿಂದ ಹನ್ನೆರಡು ಮಕ್ಕಳನ್ನು ಆರಿಸಿ, ಮಧ್ಯಾಹ್ನದ ಊಟದ ನಂತರ ಧ್ವನಿಮುದ್ರಿತ ಹಾಡೊಂದಕ್ಕೆ ಹೆಜ್ಜೆ ಹಾಕಿಸುವುದು ಹಲವು ವರ್ಷಗಳ ನನ್ನ ಪದ್ಧತಿಯಾಗಿತ್ತು. ಉಳಿದ ಮಕ್ಕಳು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. ಒಂದು ವರ್ಷ ಸ್ಪರ್ಧೆಯ ವೇದಿಕೆಯಲ್ಲಿ ಅದೇ ಹಾಡಿನ ಬೇರೊಂದು ಪ್ರತಿ ಮೊಳಗಿತು. ನಾವು ಅಭ್ಯಾಸ ಮಾಡಿದ್ದ ಪ್ರತಿಗಿಂತ ಅದರ ಆರಂಭದ ವಾದ್ಯಭಾಗ ತುಸು ದೀರ್ಘವಾಗಿತ್ತು. ನಮ್ಮ ಹನ್ನೆರಡು ಮಕ್ಕಳಲ್ಲಿ ಐವರು ತಮಗೆ ನೆನಪಿದ್ದ ಕ್ಷಣಕ್ಕೆ ಹೊರಟರು, ಉಳಿದವರು ಅವರನ್ನು ನೋಡಿ ಅನುಮಾನದಲ್ಲೇ ಹೊರಟರು, ಆಮೇಲೆ ಎಲ್ಲರೂ ನಿಂತರು. ಎರಡು ತಿಂಗಳು ಕಲಿಸಿದ ನಾನು ಅವರಿಗೆ ಎಣಿಕೆಯನ್ನು ಕಲಿಸಿರಲಿಲ್ಲ, ಹಾಡಿನ ಗುರುತುಗಳನ್ನಷ್ಟೇ ಬಾಯಿಪಾಠ ಮಾಡಿಸಿದ್ದೆ ಎಂಬುದು ಆಗ ಕಣ್ಣಿಗೆ ಕಟ್ಟಿತು.

ಮುಂದಿನ ವರ್ಷ ಆಯ್ಕೆಯನ್ನು ಬಿಟ್ಟು ಏಳನೆಯ ತರಗತಿಯ 36 ಮಕ್ಕಳಿಗೂ ಒಂದು ಪೂರ್ಣ ಘಟಕವನ್ನು ರೂಪಿಸಿದೆ. ವಾರಕ್ಕೆ ಎರಡರಂತೆ ಎಂಟು ವಾರ, ತಲಾ 40 ನಿಮಿಷಗಳ 16 ಅವಧಿಗಳು ನನ್ನ ಕೈಯಲ್ಲಿದ್ದವು. ಯಾವ ಕುಣಿತವನ್ನು ಆರಿಸಬೇಕೆಂಬುದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಡೊಳ್ಳಿನ ಭಾರ ಹನ್ನೆರಡು ವರ್ಷದ ಮಕ್ಕಳಿಗೆ ಹೆಚ್ಚಾಗುತ್ತದೆ. ಕಂಸಾಳೆಯು ಮಲೆ ಮಹದೇಶ್ವರನ ಭಕ್ತರು ವರ್ಷಗಟ್ಟಲೆ ಅಭ್ಯಾಸದಿಂದ ಸಾಧಿಸಿಕೊಂಡು ಬಂದ ಕಲೆಯಾದ್ದರಿಂದ ಅದನ್ನು ಹದಿನಾರು ಅವಧಿಗಳಲ್ಲಿ ಮುಟ್ಟಿ ಬಿಡುವುದು ಸರಿಯೆನಿಸಲಿಲ್ಲ. ಉತ್ತರದ ಜಿಲ್ಲೆಗಳ ಶಾಲೆಗಳಲ್ಲಿ ಕಾಣುವ ಲೇಜಿಮು ನಮ್ಮ ಶಾಲೆಯ ಸಾಮಗ್ರಿಗಳಲ್ಲಿ ಇರಲಿಲ್ಲ. ಉಳಿದದ್ದು ನಮ್ಮ ಊರಿನಲ್ಲೇ ಬಳಕೆಯಲ್ಲಿದ್ದ ಕೋಲಾಟ. ಅದರಲ್ಲಿ ನನಗೆ ಬೇಕಾದ ಒಂದು ಗುಣವೂ ಇತ್ತು: ಕೋಲಾಟದಲ್ಲಿ ಎಣಿಕೆ ತಪ್ಪಿದರೆ ಅದು ಕಿವಿಗೆ ಬೀಳುತ್ತದೆ. ಮೂವತ್ತಾರು ಮಕ್ಕಳೂ ಸರಿಯಾಗಿ ಹೊಡೆದಾಗ ಒಂದೇ ‘ಟಕ್’ ಕೇಳುತ್ತದೆ, ಯಾರೋ ಹಿಂದೆ ಮುಂದೆ ಆದರೆ ಆ ಸದ್ದು ‘ಟರ್ರ್’ ಎಂದು ಹರಿದುಹೋಗುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ಶಿಕ್ಷಕನಿಗೆ ತಿಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಮಕ್ಕಳಿಗೇ ತಿಳಿಯುತ್ತದೆ.

ಮೊದಲ ಮೂರು ಅವಧಿಗಳಲ್ಲಿ ಮಕ್ಕಳ ಕೈಗೆ ಕೋಲು ಕೊಡಬಾರದೆಂದು ನಿರ್ಧರಿಸಿದ್ದೆ, ಮತ್ತು ಈ ನಿರ್ಧಾರವನ್ನು ಉಳಿಸಿಕೊಳ್ಳುವುದೇ ಇಡೀ ಘಟಕದಲ್ಲಿ ನನಗೆ ಕಷ್ಟವಾದ ಸಂಗತಿ. “ಸಾರ್, ಕೋಲು ಯಾವತ್ತು ಕೊಡ್ತೀರಾ?” ಎಂಬ ಪ್ರಶ್ನೆ ದಿನವೂ ಬರುತ್ತಿತ್ತು. ಕೋಲು ಕೈಗೆ ಬಂದ ಮಗುವಿನ ಗಮನವೆಲ್ಲ ಕೋಲಿನ ತುದಿಗೆ ಹೋಗುತ್ತದೆ, ಕಾಲು ಎಲ್ಲಿದೆ ಎಂಬುದು ಮರೆತುಹೋಗುತ್ತದೆ. ಆದ್ದರಿಂದ ಮೊದಲು ಕಾಲು ಮತ್ತು ಬಾಯಿ, ಆಮೇಲೆ ಚಪ್ಪಾಳೆ ಎಂಬ ಕ್ರಮವನ್ನು ಇಟ್ಟುಕೊಂಡೆ. ಮೊಬೈಲಿನಲ್ಲಿ ಒಂದು ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ನಿಮಿಷಕ್ಕೆ 60 ಏಟುಗಳ ವೇಗದಲ್ಲಿ ಮೈದಾನದ ತುಂಬ ನಡೆಸಿದೆ. ಪ್ರತಿ ಏಟಿಗೆ ಒಂದು ಹೆಜ್ಜೆ, ಬಾಯಲ್ಲಿ ಒಂದರಿಂದ ಎಂಟರವರೆಗೆ ಎಣಿಕೆ.

60ರ ವೇಗದಲ್ಲಿ ಎಲ್ಲವೂ ಚೆನ್ನಾಗಿತ್ತು. ವೇಗವನ್ನು 96ಕ್ಕೆ ಏರಿಸಿದಾಗ ಸಾಲು ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಜಗ್ಗತೊಡಗಿತು. ಎರಡು ದಿನ ಕೇಳಿದ ಮೇಲೆ ಕಾರಣ ಹೊಳೆಯಿತು. ಕನ್ನಡದಲ್ಲಿ ಒಂದರಿಂದ ಎಂಟರವರೆಗಿನ ಅಂಕಿಗಳಲ್ಲಿ ಏಳು ಅಂಕಿಗಳಿಗೆ ಎರಡೆರಡು ಅಕ್ಷರಗಳಿವೆ, ‘ಎರಡು’ ಎಂಬುದಕ್ಕೆ ಮಾತ್ರ ಮೂರು. ನಿಧಾನವಾಗಿ ಎಣಿಸುವಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ವೇಗ ಹೆಚ್ಚಿದಾಗ ಮಕ್ಕಳು ‘ಎರಡು’ ಹೇಳಿ ಮುಗಿಸುವಷ್ಟರಲ್ಲಿ ಮೂರನೆಯ ಏಟು ಬಂದುಬಿಟ್ಟಿರುತ್ತದೆ. ಸಂಗೀತ ಕಲಿಸುವವರು ಅಂಕಿಗಳ ಬದಲು ‘ತಕದಿಮಿ ತಕಝಣು’ ಎಂದು ಹೇಳಿಸುವುದರ ಪ್ರಯೋಜನ ನನಗೆ ಆಗ ಅರ್ಥವಾಯಿತು. ಪ್ರತಿ ಏಟಿಗೆ ಒಂದೇ ಅಕ್ಷರವಿರುವುದರಿಂದ ನಾಲಿಗೆ ತಡವರಿಸುವುದಿಲ್ಲ. ಆದರೆ ಬರಿಯ ಸೊಲ್ಲನ್ನು ಹೇಳಿಸಿದಾಗ ಇನ್ನೊಂದು ತೊಂದರೆ ಎದುರಾಯಿತು: “ಆರನೆಯ ಏಟಿಗೆ ಏನು ಮಾಡಬೇಕು?” ಎಂದು ಕೇಳಿದರೆ ಮಕ್ಕಳು ಮನಸ್ಸಿನಲ್ಲೇ ಮತ್ತೆ ಮೊದಲಿನಿಂದ ಹೇಳಿಕೊಂಡು ಬರಬೇಕಾಗುತ್ತಿತ್ತು. ಕೊನೆಗೆ ಎರಡನ್ನೂ ಬೆರೆಸಿದೆ. ಮೊದಲ ಏಟಿಗೆ ‘ಒಂದ್’, ಐದನೆಯ ಏಟಿಗೆ ‘ಐದ್’ ಎಂದು ಹೇಳಿ ಉಳಿದೆಡೆ ಸೊಲ್ಲನ್ನೇ ಉಳಿಸಿಕೊಂಡೆವು: “ಒಂದ್-ಕ-ದಿ-ಮಿ, ಐದ್-ಕ-ಝ-ಣು.” ಸಂಗೀತ ಬಲ್ಲವರು ಇದನ್ನು ಕೇಳಿ ನಗಬಹುದು, ನಮ್ಮ ಮೈದಾನದಲ್ಲಿ ಅದು ಕೆಲಸ ಮಾಡಿತು.

ಮೂರನೆಯ ಅವಧಿಯಲ್ಲಿ ಮೌನದ ಎಣಿಕೆಯನ್ನು ಆರಂಭಿಸಿದೆ. ಎಂಟು ಏಟುಗಳನ್ನು ಗಟ್ಟಿಯಾಗಿ ಹೇಳಬೇಕು, ಮುಂದಿನ ಎಂಟನ್ನು ಬಾಯಿ ಮುಚ್ಚಿಕೊಂಡು ಎಣಿಸಬೇಕು, ಮತ್ತೆ ಬರುವ ‘ಒಂದ್’ ಎಂಬಲ್ಲಿ ಒಂದು ಚಪ್ಪಾಳೆ ತಟ್ಟಬೇಕು. ಮಕ್ಕಳನ್ನು ವೃತ್ತದಲ್ಲಿ ಬೆನ್ನು ಒಳಗೆ ಮಾಡಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಮೆಟ್ರೊನೋಮನ್ನೂ ನಿಲ್ಲಿಸಿದೆ. ಮೊದಲ ಸಲ ಚಪ್ಪಾಳೆ ಮಳೆಹನಿಗಳಂತೆ ಚದುರಿ ಬಿದ್ದಿತು. ನಾನು ಲೆಕ್ಕ ಹಾಕಿದಂತೆ 36ರಲ್ಲಿ ಹನ್ನೊಂದು ಮಕ್ಕಳು ಮಾತ್ರ ಸರಿಯಾದ ಕ್ಷಣದ ಹತ್ತಿರವಿದ್ದರು, ಉಳಿದವರಲ್ಲಿ ಬಹುತೇಕರು ಮುಂಚಿತವಾಗಿ ತಟ್ಟಿದ್ದರು. ಸದ್ದಿಲ್ಲದಾಗ ಮಕ್ಕಳು ಅವಸರ ಮಾಡುತ್ತಾರೆ. ಚಪ್ಪಾಳೆಯಿಲ್ಲದಿದ್ದರೂ ಮೊಣಕಾಲನ್ನು ಸಣ್ಣಗೆ ಬಾಗಿಸುತ್ತ ಏಟನ್ನು ಮೈಯಲ್ಲೇ ಇಟ್ಟುಕೊಳ್ಳಲು ಹೇಳಿದ ಮೇಲೆ ಈ ಅವಸರ ಬಹಳಷ್ಟು ಇಳಿಯಿತು. ಈ ಮೌನ ಪರೀಕ್ಷೆಯನ್ನು ಮುಂದೆ ಪ್ರತಿ ಅವಧಿಯ ಮೊದಲ ಎರಡು ನಿಮಿಷಗಳಲ್ಲಿ ಮಾಡಿಸುತ್ತ ಹೋದೆ. ಪಕ್ಕದವರನ್ನು ನೋಡಿ ಕುಣಿಯುವ ಮಗು ಯಾವುದು, ತಾನೇ ಎಣಿಸುವ ಮಗು ಯಾವುದು ಎಂದು ಬೇರ್ಪಡಿಸಲು ಇದಕ್ಕಿಂತ ಸುಲಭವಾದ ಉಪಾಯ ನನಗೆ ಸಿಕ್ಕಿಲ್ಲ.

ನಾಲ್ಕನೆಯ ಅವಧಿಗೆ ಕೋಲುಗಳು ಬಂದವು, ಆದರೆ ಅವು ಕಾಗದದ ಕೋಲುಗಳು. ಹಳೆಯ ದಿನಪತ್ರಿಕೆಯ ಎಂಟು ಹಾಳೆಗಳನ್ನು ಬಿಗಿಯಾಗಿ ಸುತ್ತಿ ಅಂಟು ಹಚ್ಚಿ ಮಕ್ಕಳೇ ಮಾಡಿಕೊಂಡರು. ಬೆರಳಿಗೆ ಬಿದ್ದರೆ ನೋವಾಗುವುದಿಲ್ಲವಾದ್ದರಿಂದ ಹೆದರಿ ಕೈ ಹಿಂದಕ್ಕೆಳೆಯುವ ಅಭ್ಯಾಸ ಬೀಳುವುದಿಲ್ಲ. ಆ ಅಭ್ಯಾಸ ಒಮ್ಮೆ ಬಿದ್ದರೆ ಬಿಡಿಸುವುದು ಕಷ್ಟ. ನಿಜವಾದ ಬಿದಿರಿನ ಕೋಲುಗಳನ್ನು ಎರಡು ವಾರದ ನಂತರ ಕೊಟ್ಟೆ. ಒಂದು ಅಡಿಗಿಂತ ಎರಡು ಇಂಚು ಉದ್ದ, ಹೆಬ್ಬೆರಳಿನಷ್ಟು ದಪ್ಪ, ತುದಿಗಳು ಸೀಳದಂತೆ ಎರಡೂ ಕಡೆ ದಾರದ ಬಿಗಿಸುತ್ತು.

ಕಲಿಸಿದ ವರಸೆ ಎಂಟು ಏಟುಗಳದ್ದು. ಒಂದನೆಯ ಏಟಿಗೆ ತನ್ನ ಎರಡು ಕೋಲುಗಳನ್ನು ತಾನೇ ತಾಗಿಸಬೇಕು. ಎರಡಕ್ಕೆ ತನ್ನ ಬಲಗೋಲು ಜೊತೆಗಾರನ ಬಲಗೋಲಿಗೆ, ಮೂರಕ್ಕೆ ಮತ್ತೆ ತನಗೆ ತಾನೇ, ನಾಲ್ಕಕ್ಕೆ ಎಡಗೋಲು ಎಡಗೋಲಿಗೆ, ಐದಕ್ಕೆ ತನಗೆ ತಾನೇ, ಆರಕ್ಕೆ ಎರಡೂ ಕೋಲುಗಳು ಜೊತೆಗಾರನ ಎರಡೂ ಕೋಲುಗಳಿಗೆ. ಏಳರಲ್ಲಿ ಮೈ ತಿರುಗಿಸಿ ಎಂಟರಲ್ಲಿ ತನ್ನ ಕೋಲು ತಾಗಿಸಿ ನಿಲ್ಲಬೇಕು. ಕುಳಿತುಕೊಂಡು ಕೈಯಿಂದ ಮಾತ್ರ ಮಾಡಿದಾಗ ಅರ್ಧ ಅವಧಿಯಲ್ಲೇ ಬಹುತೇಕ ಎಲ್ಲರಿಗೂ ಬಂತು. ಎದ್ದು ನಿಂತು, ಪ್ರತಿ ಏಟಿಗೆ ಬಲಗಾಲು, ಎಡಗಾಲು, ಬಲಗಾಲು, ಎಡಗಾಲು ಎಂದು ಹೆಜ್ಜೆ ಸೇರಿಸಿದಾಗ ನಾಲ್ಕನೆಯ ಏಟಿನಲ್ಲಿ ತರಗತಿಯೇ ಎಡವಿತು.

ನಾಲ್ಕನೆಯ ಏಟು ಎಡಗೈಯದು, ಎಡಗೈ ದುರ್ಬಲ, ಆದ್ದರಿಂದ ಹೀಗಾಗುತ್ತಿದೆ ಎಂದು ನಾನು ನಂಬಿದೆ. ಎರಡು ಅವಧಿಗಳನ್ನು ಎಡಗೈ ಅಭ್ಯಾಸಕ್ಕೆಂದೇ ವ್ಯರ್ಥ ಮಾಡಿದೆ. ಕೈ ಚುರುಕಾಯಿತು, ಎಡವುವುದು ನಿಲ್ಲಲಿಲ್ಲ. ಇಬ್ಬರು ಎಡಚ ಮಕ್ಕಳೂ ಅದೇ ಏಟಿನಲ್ಲಿ ಎಡವುತ್ತಿದ್ದುದನ್ನು ನಾನು ಮೊದಲೇ ಗಮನಿಸಿದ್ದರೆ ಆ ಎರಡು ಅವಧಿಗಳು ಉಳಿಯುತ್ತಿದ್ದವು. ಮೊಬೈಲಿನಲ್ಲಿ ಚಿತ್ರೀಕರಿಸಿ ರಾತ್ರಿ ಮನೆಯಲ್ಲಿ ನಿಧಾನಗತಿಯಲ್ಲಿ ನೋಡಿದಾಗ ಮಾತ್ರ ನಿಜ ಸಂಗತಿ ತಿಳಿಯಿತು. ಬೆಸ ಏಟುಗಳಿಗೆಲ್ಲ ಬಲಗಾಲು, ಸರಿ ಏಟುಗಳಿಗೆಲ್ಲ ಎಡಗಾಲು ಬರುತ್ತದೆ. ಎರಡನೆಯ ಏಟಿನಲ್ಲಿ ಬಲಗೈ ಹೊಡೆಯುವಾಗ ಎಡಗಾಲು ಮುಂದಿರುತ್ತದೆ. ನಾವು ನಡೆಯುವಾಗ ಕೈಕಾಲುಗಳು ಬೀಸುವ ಸಹಜ ರೀತಿಯೇ ಅದು. ನಾಲ್ಕನೆಯ ಏಟಿನಲ್ಲಿ ಎಡಗೈ ಹೊಡೆಯುವಾಗಲೂ ಎಡಗಾಲೇ ಮುಂದಿರುತ್ತದೆ. ಕೈ ಕಾಲು ಎರಡೂ ಒಂದೇ ಬದಿಗೆ ಹೋದಾಗ ಮೈ ಒಂದು ಕಡೆ ವಾಲುತ್ತದೆ, ಆ ವಾಲಿಕೆಯನ್ನು ತಡೆಯಲು ಮಗು ತನಗರಿವಿಲ್ಲದೆ ಒಂದು ಅಡ್ಡ ಹೆಜ್ಜೆ ಇಡುತ್ತದೆ, ಅಲ್ಲಿಂದ ಮುಂದೆ ಎಣಿಕೆ ಕಳೆದುಹೋಗುತ್ತದೆ.

ತಪ್ಪು ಮಕ್ಕಳದ್ದಲ್ಲ, ನಾನು ಜೋಡಿಸಿದ ವರಸೆಯದು. ಊರಿನ ಕೋಲಾಟದ ಮೇಳದಲ್ಲಿ ದಶಕಗಳ ಕಾಲ ಕುಣಿದ ಒಬ್ಬ ಹಿರಿಯರನ್ನು ಕಾಣಲು ಹೋದೆ. ನಾನು ಕೈಯಲ್ಲಿ ಹೊಡೆದು ತೋರಿಸಿದ ವರಸೆಯನ್ನು ನೋಡಿ ಅವರು ನಕ್ಕರು. “ಮೇಷ್ಟ್ರೇ, ನೀವು ನಡೀತಾ ಹೊಡೀತೀರಿ, ನಾವು ಕುಣೀತಾ ಹೊಡೀತೀವಿ” ಎಂದು ಹೇಳಿ, ತಮ್ಮ ಅಂಗಳದಲ್ಲೇ ಹಾಕಿ ತೋರಿಸಿದರು. ಮೂರನೆಯ ಏಟಿಗೆ ಅವರು ಬಲಗಾಲನ್ನು ಇಡಲೇ ಇಲ್ಲ, ಎಡಗಾಲಿನ ಮೇಲೆಯೇ ಒಮ್ಮೆ ಕುಪ್ಪಳಿಸಿದರು. ಆದ್ದರಿಂದ ನಾಲ್ಕನೆಯ ಏಟಿಗೆ ಎಡಗೈ ಚಾಚುವಾಗ ಅವರ ಬಲಗಾಲು ಮುಂದೆ ಬಂತು. ಅಷ್ಟೇ ಗುಟ್ಟು ಎಂದುಕೊಂಡು ನಾನು ಖುಷಿಯಿಂದ ಹಿಂದಿರುಗಿದೆ.

ಮರುದಿನ ಮಕ್ಕಳಿಗೆ ಮೂರನೆಯ ಏಟಿನ ಕುಪ್ಪಳಿಕೆಯನ್ನು ಕಲಿಸಿದೆ. ಮೊದಲ ಸುತ್ತು ಅದ್ಭುತವಾಗಿ ಬಂತು. ಎರಡನೆಯ ಸುತ್ತಿನಲ್ಲಿ, ಇದುವರೆಗೆ ಯಾರೂ ತಪ್ಪಿರದ ಎರಡನೆಯ ಏಟಿನಲ್ಲೇ ಸಾಲು ಮುರಿಯಿತು. ಕಾರಣವನ್ನು ನಾನೇ ಹೇಳುವ ಬದಲು ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆಯಲು ಮಕ್ಕಳಿಗೆ ಹೇಳಿದೆ: ಮೇಲೆ ಒಂದರಿಂದ ಎಂಟು, ಅದರ ಕೆಳಗೆ ಆಯಾ ಏಟಿನ ಕಾಲು. ಬಲ, ಎಡ, ಎಡ, ಬಲ, ಎಡ, ಬಲ, ಎಡ, ಬಲ ಎಂದು ಬರೆದರು. ಎಂಟನೆಯದು ಬಲಗಾಲಾದ್ದರಿಂದ ಮುಂದಿನ ಸುತ್ತಿನ ಒಂದನೆಯದು ಎಡಗಾಲಾಗುತ್ತದೆ, ಇಡೀ ಸುತ್ತು ತಿರುವುಮುರುವಾಗುತ್ತದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಲೆಕ್ಕದ ತರಗತಿಯಲ್ಲಿ ಬಾಯಿಬಿಡದವಳು, “ಸಾರ್, ಕುಪ್ಪಳಿಸೋದು ಎರಡು ಸಲ ಇರ್ಬೇಕು, ಒಂದೇ ಸಲ ಆದ್ರೆ ಕಾಲು ವಾಪಸ್ ಬರಲ್ಲ” ಎಂದಳು. ಎಲ್ಲಿ ಎಂದು ಕೇಳಿದ್ದಕ್ಕೆ ಏಳರ ಮೇಲೆ ಬೆರಳಿಟ್ಟಳು. ಏಳರಲ್ಲಿ ಬಲಗಾಲಿನ ಮೇಲೆಯೇ ಕುಪ್ಪಳಿಸಿ ತಿರುಗಿದರೆ ಎಂಟಕ್ಕೆ ಎಡಗಾಲು, ಮುಂದಿನ ಒಂದಕ್ಕೆ ಮತ್ತೆ ಬಲಗಾಲು. ಸಂಜೆ ಹಿರಿಯರ ಮನೆಗೆ ಮತ್ತೆ ಹೋಗಿ ನೋಡಿದೆ. ಅವರು ಏಳರಲ್ಲಿಯೂ ಕುಪ್ಪಳಿಸುತ್ತಲೇ ಇದ್ದರು. ತಿರುಗುವ ಭರದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಏಟು ಎಷ್ಟನೆಯದೆಂದು ಅವರನ್ನು ಕೇಳಿದರೆ ಅವರಿಗೆ ಅಂಕಿ ಬೇಕಾಗಿರಲಿಲ್ಲ. ಹಾಡಿನ ಯಾವ ಸೊಲ್ಲಿಗೆ ಮೈ ಹಗುರಾಗಬೇಕೆಂಬುದು ಅವರಿಗೆ ತಿಳಿದಿತ್ತು.

ಈ ಕಪ್ಪುಹಲಗೆಯ ಎರಡು ಸಾಲುಗಳು ಆಮೇಲೆ ನಮ್ಮ ಘಟಕದ ಖಾಯಂ ಸಾಧನವಾದವು. ಯಾವುದೇ ಹೊಸ ವರಸೆಯನ್ನು ಕುಣಿಯುವ ಮೊದಲು ಅಂಕಿ ಮತ್ತು ಕಾಲುಗಳನ್ನು ಬರೆದು, ಸುತ್ತಿನ ಕೊನೆಯಲ್ಲಿ ಕಾಲು ಮೊದಲಿನ ಸ್ಥಿತಿಗೆ ಬರುತ್ತದೆಯೇ ಎಂದು ನೋಡುವುದು ಮಕ್ಕಳ ಕೆಲಸ. ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು: ಕೋಲಾಟದಿಂದ ಯಾರಿಗೂ ಮಗ್ಗಿ ಬರಲಿಲ್ಲ. ಎಂಟರ ಮಗ್ಗಿಯಲ್ಲಿ ತಡವರಿಸುತ್ತಿದ್ದವರು ಘಟಕ ಮುಗಿದ ಮೇಲೂ ತಡವರಿಸಿದರು. ಸುತ್ತು, ಸರಿ-ಬೆಸ, ಎಷ್ಟು ಸಲದ ನಂತರ ಮೊದಲಿನ ಜಾಗಕ್ಕೆ ಬರುತ್ತೇವೆ ಎಂಬ ಬಗೆಯ ಎಣಿಕೆಯಲ್ಲಿ ಮಾತ್ರ ವ್ಯತ್ಯಾಸ ಕಂಡಿತು.

ಒಂಬತ್ತನೆಯ ಅವಧಿಯಿಂದ ಮೂರು ಅವಧಿಗಳು ವೃತ್ತಕ್ಕೆ ಮೀಸಲು. ಹದಿನೆಂಟು ಮಕ್ಕಳ ಹೊರವೃತ್ತ, ಅವರಿಗೆ ಎದುರಾಗಿ ಹದಿನೆಂಟು ಮಕ್ಕಳ ಒಳವೃತ್ತ. ಪಕ್ಕಪಕ್ಕದವರ ಕೋಲು ತಾಗದಿರಲು ಹೊರವೃತ್ತದಲ್ಲಿ ಒಬ್ಬೊಬ್ಬರಿಗೆ 1.2 ಮೀಟರ್ ಬೇಕೆಂದು ಅಳೆದುಕೊಂಡೆವು. ಗಣಿತ ಶಿಕ್ಷಕಿಯು ಅದನ್ನೇ ತಮ್ಮ ತರಗತಿಯಲ್ಲಿ ಲೆಕ್ಕವಾಗಿ ಕೊಟ್ಟರು. ಪರಿಧಿ 21.6 ಮೀಟರ್ ಆಗಬೇಕಾದರೆ ತ್ರಿಜ್ಯ ಸುಮಾರು 3.4 ಮೀಟರ್ ಬರುತ್ತದೆ. ಮಕ್ಕಳೇ ಗೂಟಕ್ಕೆ ಹಗ್ಗ ಕಟ್ಟಿ ಸುಣ್ಣದ ಪುಡಿಯಲ್ಲಿ ವೃತ್ತವನ್ನು ಎಳೆದರು. ಒಬ್ಬ ಜೊತೆಗಾರನೊಡನೆ ವರಸೆಯನ್ನು ಎರಡು ಸುತ್ತು ಆಡಿ, ಎರಡನೆಯ ಸುತ್ತಿನ ಎಂಟನೆಯ ಏಟಿನಲ್ಲಿ ಹೊರವೃತ್ತದವರು ಒಂದು ಸ್ಥಾನ ಬಲಕ್ಕೆ ಸರಿಯಬೇಕು. ಒಬ್ಬರ ಪಾಲಿಗೆ 16 ಏಟು, ಹದಿನೆಂಟು ಜೊತೆಗಾರರಿಗೆ 288 ಏಟು. 96ರ ವೇಗದಲ್ಲಿ ಸರಿಯಾಗಿ ಮೂರು ನಿಮಿಷಕ್ಕೆ ಮೊದಲ ಜೊತೆಗಾರನೇ ಮತ್ತೆ ಎದುರಿಗೆ ಬರಬೇಕು. ಹುಡುಗ ಹುಡುಗಿಯರು ಜೋಡಿಯಾಗಲು ಹಿಂಜರಿಯುವ ವಯಸ್ಸು ಅದು. ಹದಿನಾರು ಏಟುಗಳಿಗೊಮ್ಮೆ ಜೋಡಿ ಬದಲಾಗುತ್ತಿದ್ದುದರಿಂದ ಆ ಮುಜುಗರಕ್ಕೆ ಬಿಡುವೇ ಸಿಗಲಿಲ್ಲ.

ಗೈರುಹಾಜರಿಯೇ ನನ್ನ ಚಿಂತೆಯಾಗಿತ್ತು. 36 ಮಕ್ಕಳ ಪೂರ್ಣ ಹಾಜರಿ ಸಿಕ್ಕಿದ್ದು ಬೆರಳೆಣಿಕೆಯ ದಿನಗಳಲ್ಲಿ ಮಾತ್ರ. ಒಬ್ಬರು ಬಾರದಿದ್ದ ದಿನ ಒಳವೃತ್ತದಲ್ಲಿ ಒಂದು ಜಾಗವನ್ನು ಖಾಲಿ ಬಿಟ್ಟೆ. ಎದುರಿಗೆ ಯಾರೂ ಇಲ್ಲದಿದ್ದರೂ ಏಟು ನಿಲ್ಲಿಸಬಾರದು, ಗಾಳಿಗೆ ಹೊಡೆಯುತ್ತ ಹದಿನಾರು ಮುಗಿಸಿ ಮುಂದೆ ಸರಿಯಬೇಕು ಎಂಬ ನಿಯಮ ಮಾಡಿದೆ. ಮಕ್ಕಳು ಅದನ್ನು ‘ಗಾಳಿ ಜೋಡಿ’ ಎಂದು ಕರೆದರು. ಈ ಖಾಲಿ ಜಾಗವು ಹೊರವೃತ್ತದ ಪ್ರತಿಯೊಬ್ಬರಿಗೂ ಒಮ್ಮೆ ಪರೀಕ್ಷೆಯಾಗುತ್ತಿತ್ತು. ಎದುರಿನವರ ಕೋಲಿನಿಂದ ಏಟನ್ನು ಕದಿಯುತ್ತಿದ್ದ ಮಗು ಅಲ್ಲಿಗೆ ಬಂದಾಗ ಸುಮ್ಮನೆ ನಿಂತುಬಿಡುತ್ತಿತ್ತು, ಎಣಿಸುತ್ತಿದ್ದ ಮಗು ಸರಿಯಾಗಿ ಹೊಡೆದು ಸರಿಯುತ್ತಿತ್ತು. ಆಮೇಲೆ ಪೂರ್ಣ ಹಾಜರಿಯಿದ್ದ ದಿನವೂ ಎರಡೂ ವೃತ್ತಗಳಿಂದ ಒಬ್ಬೊಬ್ಬರನ್ನು ತಾಳ ಹಾಕಲು ಕರೆದುಕೊಂಡು ಖಾಲಿ ಜಾಗಗಳನ್ನು ನಾನೇ ಮಾಡತೊಡಗಿದೆ.

ಒಂದೊಂದೇ ಸ್ಥಾನ ಸರಿಯುವುದು ಬೇಸರವಾಗಿ ಒಬ್ಬ ಹುಡುಗ ನಾಲ್ಕು ಸ್ಥಾನ ಹಾರಿದರೆ ಹೇಗೆ ಎಂದು ಕೇಳಿದ. ಹಾರಿ ನೋಡಿದೆವು. ಒಂಬತ್ತೇ ಸಲಕ್ಕೆ ಮೊದಲ ಜೊತೆಗಾರ ಎದುರಾದ, ಉಳಿದ ಒಂಬತ್ತು ಮಂದಿ ಸಿಗಲೇ ಇಲ್ಲ. ಐದೈದು ಸ್ಥಾನ ಹಾರಿದಾಗ ಹದಿನೆಂಟೂ ಮಂದಿ ಸಿಕ್ಕರು. ಆರಾರು ಹಾರಿದರೆ ಮೂವರೇ. 18 ಮತ್ತು 4ರ ಮ.ಸಾ.ಅ. ಎರಡು, ಆದ್ದರಿಂದ ಅರ್ಧ ಜನ ಮಾತ್ರ ಸಿಗುತ್ತಾರೆ ಎಂದು ಗಣಿತ ಶಿಕ್ಷಕಿ ಹಲಗೆಯ ಮೇಲೆ ಬಿಡಿಸಿ ಹೇಳಿದಾಗ, ಪಾಠ ಮಾಡಿದ್ದು ಅವರೋ ನಾನೋ ಎಂಬ ಗೊಂದಲ ಮಕ್ಕಳಿಗೆ ಉಳಿಯಿತು.

ಹನ್ನೆರಡು ಮತ್ತು ಹದಿಮೂರನೆಯ ಅವಧಿಗಳನ್ನು ಏಳರ ನಡೆಗೆ ಕೊಟ್ಟೆ. ಮೂರು ಮತ್ತು ನಾಲ್ಕು, ‘ತಕಿಟ ತಕದಿಮಿ’. ಏಳು ಬೆಸಸಂಖ್ಯೆಯಾದ್ದರಿಂದ ಬಲ-ಎಡ ಎಂದು ಬಿಡದೆ ಹೆಜ್ಜೆ ಹಾಕಿದರೆ ಮೊದಲ ಸುತ್ತು ಬಲಗಾಲಿನಲ್ಲಿ ಆರಂಭವಾಗಿ ಎರಡನೆಯ ಸುತ್ತು ಎಡಗಾಲಿನಲ್ಲಿ ಆರಂಭವಾಗುತ್ತದೆ. ಹಲಗೆಯ ಮೇಲೆ ಬರೆಯುವ ಮೊದಲೇ ಹಲವರು “ಹದಿನಾಲ್ಕಕ್ಕೆ ಸರಿಹೋಗುತ್ತೆ” ಎಂದರು. ಕನ್ನಡ ಶಿಕ್ಷಕರು ಅಂದು ಮೈದಾನದ ಅಂಚಿನಲ್ಲಿ ನಿಂತಿದ್ದರು. ಅವರು ಕುಮಾರವ್ಯಾಸನ ಭಾಮಿನಿ ಷಟ್ಪದಿಯೊಂದನ್ನು ಹಾಡಿ, ನಿಮ್ಮ ಹೆಜ್ಜೆಗೆ ಕೂರುತ್ತದೆಯೇ ನೋಡಿ ಎಂದರು. ಭಾಮಿನಿಯ ಒಂದು ಸಾಲಿನಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳು. ಸಾಲು ಮುಗಿಯುವಷ್ಟರಲ್ಲಿ ಬಲಗಾಲು ಮತ್ತೆ ಸಿದ್ಧವಾಗಿರುತ್ತದೆ. ಎರಡು ಸಾಲುಗಳವರೆಗೆ ಚೆನ್ನಾಗಿ ಬಂದು, ಉದ್ದವಾದ ಮೂರನೆಯ ಸಾಲಿನಲ್ಲಿ ಎಲ್ಲರೂ ಡಿಕ್ಕಿ ಹೊಡೆದುಕೊಂಡರು. ಆ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಉಳಿಯುತ್ತದೆ. ಅದಕ್ಕೆ ಹೆಜ್ಜೆ ಕಟ್ಟುವಷ್ಟು ಸಮಯ ನಮ್ಮಲ್ಲಿರಲಿಲ್ಲ. ಏಳರ ನಡೆಗೆ ಎರಡು ಅವಧಿ ಸಾಲದು ಎಂಬುದು ನನ್ನ ಯೋಜನೆಯ ಎದ್ದುಕಾಣುವ ಕೊರತೆ. ಕೋಲು ಹಿಡಿದು ಏಳರಲ್ಲಿ ಆಡಲು ಹತ್ತು ಹನ್ನೆರಡು ಮಕ್ಕಳಿಗೆ ಮಾತ್ರ ಸಾಧ್ಯವಾಯಿತು, ಉಳಿದವರು ಚಪ್ಪಾಳೆಯಲ್ಲೇ ನಿಂತರು.

ಕೊನೆಯ ಮೂರು ಅವಧಿಗಳು ಜಡೆ ಕೋಲಾಟಕ್ಕೆ. ಹೊಂಗೆಮರದ ಸುಮಾರು ಹತ್ತು ಅಡಿ ಎತ್ತರದ ಕೊಂಬೆಗೆ ಬಳೆಯೊಂದನ್ನು ಕಟ್ಟಿ, ಅದರಿಂದ ಹದಿನಾಲ್ಕು ಅಡಿ ಉದ್ದದ ಎಂಟು ಬಟ್ಟೆಪಟ್ಟಿಗಳನ್ನು ಇಳಿಬಿಟ್ಟೆವು, ನಾಲ್ಕು ಕೆಂಪು, ನಾಲ್ಕು ಹಳದಿ. ಎಂಟು ಮಕ್ಕಳ ನಾಲ್ಕು ತಂಡಗಳು ಸರದಿಯಲ್ಲಿ ಆಡುತ್ತಿದ್ದವು, ಉಳಿದ ನಾಲ್ವರು ತಾಳ ಹಾಕುವವರು ಮತ್ತು ಎಣಿಕೆ ಇಡುವವರು. ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ಒಂದೇ ಕೋಲು. ಕೆಂಪಿನವರು ಬಲಸುತ್ತು, ಹಳದಿಯವರು ಎಡಸುತ್ತು ಹೊರಡುತ್ತಾರೆ. ಎದುರಾದವರ ಕೋಲಿಗೆ ಕೋಲು ತಾಗಿಸಿ, ಒಮ್ಮೆ ಒಳಗಿನಿಂದ, ಮುಂದಿನವರನ್ನು ಹೊರಗಿನಿಂದ ದಾಟುತ್ತ ಹೋಗಬೇಕು. ಒಂದು ದಾಟಿಗೆ ನಾಲ್ಕು ಏಟು. ಎಂಟು ದಾಟುಗಳಾದಾಗ ಎಲ್ಲರೂ ತಮ್ಮ ತಮ್ಮ ಮೊದಲ ಜಾಗದಲ್ಲಿರುತ್ತಾರೆ, ಹದಿನಾರು ದಾಟಿಗೆ ಎರಡು ಪೂರ್ಣ ಸುತ್ತು, ಮೇಲೆ ಕೆಂಪು ಹಳದಿಯ ಜಡೆ ಇಳಿದುಬಂದಿರುತ್ತದೆ.

ಹೆಣೆಯುವುದು ಎಲ್ಲರಿಗೂ ಬಂತು, ಬಿಚ್ಚುವುದು ಬರಲಿಲ್ಲ. ಬಿಚ್ಚುವಾಗ ಎಲ್ಲರೂ ಹಿಂದಿರುಗಿ ಅದೇ ದಾರಿಯನ್ನು ತಿರುಗುಮುರುಗಾಗಿ ಹಿಡಿಯಬೇಕು. ಒಳಗೆ-ಹೊರಗೆ ಎಂಬ ಸರಣಿಗೆ ಒಗ್ಗಿಹೋದ ಮಕ್ಕಳು, ಹದಿನಾರನೆಯ ದಾಟು ಹೊರಗಿನದಾಗಿದ್ದರೆ ಬಿಚ್ಚುವ ಮೊದಲ ದಾಟನ್ನು ಒಳಗಿನಿಂದ ಹಾಕುತ್ತಿದ್ದರು. ಆಗ ಬಿಚ್ಚುವ ಬದಲು ಇನ್ನೊಂದು ಹೆಣಿಗೆ ಬೀಳುತ್ತದೆ. ಕೊನೆಯದಾಗಿ ಹೇಗೆ ದಾಟಿದೆವೋ ಹಾಗೆಯೇ ಮೊದಲು ದಾಟಬೇಕು ಎಂಬುದನ್ನು ತಿಳಿಸಲು ಒಂದು ಅವಧಿಯೇ ಹಿಡಿಯಿತು. ಹೊಸ ಶರ್ಟಿನ ಗುಂಡಿಗಳನ್ನು ಮೇಲಿನಿಂದ ಹಾಕಿಕೊಂಡು ಬಂದವನು ಬಿಚ್ಚುವಾಗ ಕೆಳಗಿನಿಂದ ಹೊರಡುತ್ತಾನೆ ಎಂದು ಒಬ್ಬ ಹುಡುಗ ಉಳಿದವರಿಗೆ ವಿವರಿಸಿದ್ದು ನನ್ನ ವಿವರಣೆಗಿಂತ ಚೆನ್ನಾಗಿತ್ತು.

ಹದಿನಾರನೆಯ ಅವಧಿಯಲ್ಲಿ ಮೂರು ತಂಡಗಳು ಹೆಣೆದು ಬಿಚ್ಚಿ ಮುಗಿಸಿದವು. ನಾಲ್ಕನೆಯ ತಂಡ ಹದಿನಾರು ದಾಟುಗಳನ್ನು ಹೆಣೆದು, ಹಿಂದಿರುಗಿ, ಬಿಚ್ಚುತ್ತ ಬಂದು ಹನ್ನೊಂದನೆಯ ದಾಟಿನಲ್ಲಿ ಸಿಕ್ಕಿಹಾಕಿಕೊಂಡಿತು. ಒಂದು ಹಳದಿ ಪಟ್ಟಿ ಎರಡು ಕೆಂಪು ಪಟ್ಟಿಗಳ ನಡುವೆ ಬಿಗಿದು ನಿಂತಿತ್ತು. ಹನ್ನೊಂದನೆಯದರಲ್ಲಿ ಯಾರು ತಪ್ಪಿದಿರಿ ಎಂದು ನಾನು ಕೇಳಿದೆ. ಎಣಿಕೆ ಇಡುತ್ತಿದ್ದ ಹುಡುಗಿ, ಅಂದು ಏಳರ ಮೇಲೆ ಬೆರಳಿಟ್ಟವಳೇ, ತಲೆಯಾಡಿಸಿದಳು. “ಈಗ ಯಾರೂ ತಪ್ಪಿಲ್ಲ ಸಾರ್. ಹದಿನಾರರಿಂದ ಹಿಂದಕ್ಕೆ ಬಂದ್ರೆ ಹನ್ನೊಂದನೇದು ಅಂದ್ರೆ ಹೋಗುವಾಗಿನ ಆರನೇದು. ತಪ್ಪಾಗಿರೋದು ಆವಾಗ.” ಹಳದಿ ಪಟ್ಟಿ ಹಿಡಿದಿದ್ದ ಹುಡುಗ ಸ್ವಲ್ಪ ಹೊತ್ತು ನೆಲ ನೋಡಿ, ಆರನೆಯ ದಾಟಿನ ಹೊತ್ತಿಗೆ ಪಟ್ಟಿ ಕೈಜಾರಿತ್ತು, ಬಗ್ಗಿ ಹಿಡಿದುಕೊಂಡು ಒಳಗೆ ಹೋಗುವ ಬದಲು ಹೊರಗಿನಿಂದ ದಾಟಿಬಿಟ್ಟೆ ಎಂದು ಒಪ್ಪಿಕೊಂಡ. ಅವನೊಬ್ಬನು ಆ ದಾಟನ್ನು ಮತ್ತೆ ಹೊರಗಿನಿಂದಲೇ ಹಿಂದಕ್ಕೆ ಹಾಕಿದ. ಗಂಟು ಸಡಿಲಿತು. ಉಳಿದ ಐದು ದಾಟುಗಳನ್ನು ತಂಡದವರು ಗಟ್ಟಿಯಾಗಿ ಹೇಳುತ್ತ ಬಿಚ್ಚಿದರು, ಐದು, ನಾಲ್ಕು, ಮೂರು, ಎರಡು, ಒಂದು.